ಶನಿವಾರದ ಎರಡು ಪಾಳಿ

ನನಗೆ ನಾಚಿಕೆಯಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚೆಂಬೂರಿನ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳಿಕೊಡುವ ರಮಾಮಣಿ ನಾನು. ಎಟಿಕೆಟಿ, ಅಂದರೆ ಫೇಲಾಗಿ ಉಳಿದ ಪೇಪರುಗಳ ಪರೀಕ್ಷೆಯ ವೇಳಾಪಟ್ಟಿ ಈ ಸಲ ನನ್ನ ತಲೆಗೆ ಬಂತು. ಒಂದೇ ಶನಿವಾರ, ಬೆಳಿಗ್ಗೆ ಮತ್ತು ಮಧ್ಯಾಹ್ನ ಮುಗಿಸಿ ಎಂದರು ಪ್ರಿನ್ಸಿಪಾಲರು. ಪಟ್ಟಿ ನೋಡಿದೆ. ಯಾರಿಗೂ ಎರಡಕ್ಕಿಂತ ಹೆಚ್ಚು ಪೇಪರಿಲ್ಲ. ಹಾಗಾದರೆ ಎರಡು ಪಾಳಿ ಧಾರಾಳ ಸಾಕು ಎಂದುಕೊಂಡು, ಚಹಾ ಆರುವ ಮೊದಲೇ ಬರೆದು ನೋಟಿಸ್ ಹಾಕಿಸಿದೆ.

ಮರುದಿನ ಎರಡನೇ ವರ್ಷದ ಧನರಾಜ್ ಸ್ಟಾಫ್ ರೂಮಿಗೆ ಬಂದ. ಉಡುಪಿ ಕಡೆಯ ಹುಡುಗ.

"ಮೇಡಂ, ನನ್ನ ಗಣಿತ, ಎಲೆಕ್ಟ್ರಾನಿಕ್ಸ್ ಎರಡೂ ಬೆಳಿಗ್ಗೆಯೇ ಬಂದಿದೆ. ಎರಡೂ ಪಾಸಾಗದಿದ್ದರೆ ಮೂರನೇ ವರ್ಷಕ್ಕೆ ತಗೊಳ್ಳುದಿಲ್ಲ."

"ಬರೋಕೆ ಸಾಧ್ಯಾನೇ ಇಲ್ಲ ಕಣಯ್ಯ. ಫಾರಂ ತಪ್ಪು ತುಂಬಿದ್ದೀಯ. ಕಣ್ಣು ಎಲ್ಲಿಟ್ಟಿದ್ದೆ? ಹೋಗು, ಒಂದನ್ನ ಬಿಡ್ತೀನಿ ಅಂತ ಆಫೀಸಿನಲ್ಲಿ ಬರೆದುಕೊಡು."

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಗುರುವಾರ ಧನರಾಜನ ತರಗತಿಗೆ ದ್ವಿಭಾಗ ಗ್ರಾಫಿನ ಪಾಠ, ಅಂದರೆ ಗೆರೆಯಿಂದ ಕೂಡಿದ ಚುಕ್ಕಿಗಳನ್ನು ಎರಡೇ ಗುಂಪಾಗಿ ಬೇರ್ಪಡಿಸಬಹುದೇ ಎಂದು ನೋಡುವುದು. ನನ್ನ ವೇಳಾಪಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಂಡೆ. ಒಂದೊಂದು ಪೇಪರಿಗೆ ಒಂದೊಂದು ಚುಕ್ಕಿ. ಒಬ್ಬನೇ ವಿದ್ಯಾರ್ಥಿ ಎರಡು ಪೇಪರು ಬರೆಯಬೇಕಿದ್ದರೆ ಆ ಚುಕ್ಕಿಗಳ ನಡುವೆ ಗೆರೆ. ಒಂದು ಚುಕ್ಕಿಗೆ ಕೆಂಪು ಹಚ್ಚಿ, ಅಂದರೆ ಬೆಳಿಗ್ಗೆ. ಅದಕ್ಕೆ ಗೆರೆಯಿರುವವಕ್ಕೆಲ್ಲ ನೀಲಿ, ಮಧ್ಯಾಹ್ನ. ಅವುಗಳ ನೆರೆಯವಕ್ಕೆ ಮತ್ತೆ ಕೆಂಪು. ಗೆರೆಯೇ ತಲುಪದ ಚುಕ್ಕಿ ಉಳಿದರೆ ಅಲ್ಲಿಂದ ಹೊಸದಾಗಿ ಶುರು. ಒಂದೇ ಗೆರೆಯ ಎರಡು ತುದಿಗೂ ಒಂದೇ ಬಣ್ಣ ಬಂತೋ, ಎರಡು ಪಾಳಿ ಸಾಲದು.

ಗಣಿತಕ್ಕೆ ಕೆಂಪು ಹಚ್ಚಿದೆ. ಪಟ್ಟಿಯ ಮೊದಲ ಹೆಸರಾದ ಶ್ರಾವ್ಯಾಗೆ ಗಣಿತ, ಸ್ಟ್ಯಾಟಿಸ್ಟಿಕ್ಸ್ ಎರಡೂ ಬಾಕಿ, ಸ್ಟ್ಯಾಟಿಸ್ಟಿಕ್ಸಿಗೆ ನೀಲಿ. ಮನೀಶನಿಗೆ ಸ್ಟ್ಯಾಟಿಸ್ಟಿಕ್ಸ್, ಎಲೆಕ್ಟ್ರಾನಿಕ್ಸ್; ಎಲೆಕ್ಟ್ರಾನಿಕ್ಸಿಗೆ ಕೆಂಪು. ಮುಂದಿನ ಹೆಸರು ಧನರಾಜ್. ಗಣಿತದಿಂದ ಎಲೆಕ್ಟ್ರಾನಿಕ್ಸಿಗೆ ಗೆರೆ ಎಳೆದೆ. ಎರಡು ತುದಿಯೂ ಕೆಂಪು.

ಮೂರು ಚುಕ್ಕಿಯ ಸುತ್ತು. ಎಲ್ಲಿಂದ ಶುರುಮಾಡಿದರೂ ಎರಡು ಬಣ್ಣದಲ್ಲಿ ಅದು ಮುಗಿಯುವುದಿಲ್ಲ. ಒಬ್ಬೊಬ್ಬರಿಗೆ ಎರಡೇ ಪೇಪರು, ಆದರೂ ಮೂವರು ಸೇರಿದರೆ ಮೂರು ಪಾಳಿ ಬೇಕು. ಊರಿಗೆಲ್ಲ ಇದನ್ನು ಕಲಿಸುವ ನಾನು ನನ್ನ ಪಟ್ಟಿಗೆ ಮಾತ್ರ ಮಾಡಿ ನೋಡಿರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ತರಗತಿಯತ್ತ ತಿರುಗಿದೆ.

"ಧನರಾಜ್, ತಪ್ಪು ನಂದು," ಎಂದೆ ಎಲ್ಲರೆದುರಿಗೆ. "ನಿನ್ನ ಫಾರಂ ಸರಿಯಾಗೇ ಇತ್ತು. ಒಂದನ್ನ ಬಿಡ್ತೀನಿ ಅಂತ ಬರೆದುಕೊಟ್ಟೆಯಾ?"

"ನಿನ್ನೆಯೇ ಕೊಟ್ಟೆ, ಮೇಡಂ. ನೀವು ಲೆಕ್ಕ ಹಾಕಿದ್ದು ತಪ್ಪುವುದುಂಟಾ ಅಂತ ಎಣಿಸಿದೆ."

ಪಾಠ ಅಲ್ಲಿಗೇ ಬಿಟ್ಟು ಪ್ರಿನ್ಸಿಪಾಲರ ಕೋಣೆಗೆ ಹೊರಟೆ. ಅವನ ಅರ್ಜಿ ವಾಪಸ್ ತೆಗೆಸಬೇಕು, ಭಾನುವಾರ ಮೂರನೇ ಪಾಳಿ ಕೇಳಬೇಕು. ಧನರಾಜ್ ಹಿಂದೆಯೇ ಓಡಿ ಬಂದ.

"ಮೇಡಂ, ಒಳಗೆ ನನ್ನ ಫಾರಮೇ ತಪ್ಪಿತ್ತು ಅಂತ ಹೇಳಿ, ಆಯ್ತಾ? ಪರ್ವಾಗಿಲ್ಲ. ನಿಮಗ್ಯಾಕೆ ಸುಮ್ಮನೆ ಬೈಗುಳ?"

ಅವನ ಮುಖ ನೋಡಲಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋಗಿ, "ತಪ್ಪು ನನ್ನದು," ಎಂದೆ.