ಎರಡನೆಯ ಟೋಸ್ಟ್

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಎರಡು ಕಾವಲಿ ಇದ್ದವು. ಒಳಗಿನದು ದೋಸೆಗೆ, ನನ್ನ ಅತ್ತೆ ಗೋದಮ್ಮನವರದು. ಹಿತ್ತಲಿನದು ಬ್ರೆಡ್ಡಿಗೆ, ಮಾವ ಪಟ್ಟಾಭಿರಾಮರದು. ಬೇಕರಿ ಬ್ರೆಡ್ಡು ಮೈಲಿಗೆಯೆಂದು ಅತ್ತೆ ಅದನ್ನು ಅಡುಗೆಮನೆಯ ಹೊಸಿಲು ದಾಟಿಸುತ್ತಿರಲಿಲ್ಲ. ಗಣಿತದ ಮೇಷ್ಟರಾಗಿದ್ದ ಮಾವನದೂ ಅಷ್ಟೇ ಹಟ. ಮೂವತ್ತು ವರ್ಷ, ದಿನಾ ಏಳೂವರೆಗೆ, ಬತ್ತಿ ಸ್ಟೌ ಮುಂದೆ ಕೂತು ಎರಡೇ ಎರಡು ಹೋಳು ಸುಡುತ್ತಿದ್ದರು. ಒಂದನ್ನು ತಾವು ತಿಂದು, ಇನ್ನೊಂದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು “ಗೋದಾ, ಬಿಸಿಯಾಗಿದೆ” ಎನ್ನುತ್ತಿದ್ದರು. ಅತ್ತೆ ಅದನ್ನು ಸೌಟಿನ ಹಿಡಿಯಿಂದ ಆಚೆ ತಳ್ಳಿ ಕಾಗೆಗೆ ಹಾಕುತ್ತಿದ್ದರು. ಅವರಿಬ್ಬರಿಗೂ ಇದು ಬೇಸರವಾಗಲಿಲ್ಲ. ನೋಡಿ ನೋಡಿ ನನಗೇ ಆಯಿತು.

೧೯೯೮ರ ಮಾಘದಲ್ಲಿ ಮಾವ ತೀರಿಕೊಂಡರು. ಮಾರನೆಯ ಬೆಳಿಗ್ಗೆ ಸರಿಯಾಗಿ ಏಳೂವರೆಗೆ ಒಂದು ಕಾಗೆ ಬಂದು ಕಿಟಕಿಯ ಸರಳಿಗೆ ಕೊಕ್ಕು ಕುಟ್ಟಿತು. ಅನ್ನ ಹಾಕಿದರೆ ಮುಟ್ಟಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಾ ಕೂತಿತ್ತು. ಒಂಬತ್ತು ದಿನವೂ ಹೀಗೇ. ನಾನು ವಿಜ್ಞಾನ ಓದಿದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಆ ಹೊತ್ತಿಗೆ ಅಡುಗೆಮನೆಗೆ ಒಬ್ಬಳೇ ಹೋಗುವುದನ್ನು ಬಿಟ್ಟುಬಿಟ್ಟೆ.

ಹತ್ತನೆಯ ದಿನ ಹೇಮಾವತಿಯ ದಡದಲ್ಲಿ ನನ್ನ ಗಂಡ ಸಮರ್ಥ ಪಿಂಡ ಇಟ್ಟು ಹಿಂದೆ ಸರಿದರು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ, ಇಲ್ಲವಾದರೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಹುಣಸೆಮರದ ತುಂಬ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ, ಒಂದೂ ಕೂಗಲಿಲ್ಲ. ವಡೆ ಇಟ್ಟೆವು, ಪಾಯಸ ಇಟ್ಟೆವು. ಬಿಸಿಲು ನೆತ್ತಿಗೇರಿತು.

“ಮೇಷ್ಟ್ರು ಇನ್ನೇನೋ ಕೇಳ್ತಾವ್ರೆ ಕಣ್ರವ್ವಾ” ಅಂದ, ದಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಕೆಂಚಯ್ಯ.

ನನಗೆ ಹೊಳೆಯಿತು. ಪುರೋಹಿತ ಮುರಳೀಕೃಷ್ಣರು “ಬ್ರೆಡ್ಡೇ? ಶಾಸ್ತ್ರದಲ್ಲೆಲ್ಲಿದೆ?” ಎಂದು ಗೊಣಗುತ್ತಿದ್ದರೂ ಮನೆಗೆ ಓಡಿದೆ. ಹಾದಿಯ ಬೇಕರಿಯಲ್ಲಿ ನಿನ್ನೆಯ ಬ್ರೆಡ್ಡಷ್ಟೇ ಸಿಕ್ಕಿತು. ಆತುರಕ್ಕೆ ಉರಿ ಏರಿಸಿ, ತುಪ್ಪ ಸುರಿದು ಸುಟ್ಟೆ. ನಡುವೆ ಕಪ್ಪಾಯಿತು, ಅಂಚು ಬೆಳ್ಳಗೇ ಉಳಿಯಿತು. ಬಿಸಿಬಿಸಿಯಾಗಿ ಬಾಳೆಲೆಯಲ್ಲಿ ಸುತ್ತಿ ತಂದೆ. ಬಿಚ್ಚಿದರೆ ಹಬೆಗೆ ಬೆವತು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

ಒಂದು ಕಾಗೆ ಇಳಿಯಿತು. ಕೊಕ್ಕಿನಿಂದ ಒಮ್ಮೆ ಒತ್ತಿ ನೋಡಿ ಮರಕ್ಕೆ ಹಾರಿತು. ಮಾವನೂ ಟೋಸ್ಟನ್ನು ಬೆರಳಿನಿಂದ ಹಾಗೇ ಒತ್ತಿ ನೋಡುತ್ತಿದ್ದರು.

ಅತ್ತೆ ಎದ್ದರು. “ಅವರ ಕಾವಲಿ ಇಲ್ಲಿಗೇ ತಗೊಂಡು ಬಾ ಹಂಸ. ಅವರು ಒತ್ತೋ ಲೋಟಾನೂ, ಉಳಿದ ಬ್ರೆಡ್ಡೂ ತಾ.”

“ನಿಮಗೆ ಮಾಡೋಕೆ ಬರುತ್ತಾ ಅತ್ತೆ?”

“ಮೂವತ್ತು ವರ್ಷ ಬೈಕೊಂಡೇ ನೋಡಿಲ್ವೇನೇ?”

ಕೆಂಚಯ್ಯ ಕಲ್ಲು ಹೂಡಿ ಸೌದೆ ಹಚ್ಚಿದ. ಕಾವಲಿ ಚೆನ್ನಾಗಿ ಕಾದ ಮೇಲೆ ಅತ್ತೆ ಕೊಳ್ಳಿಗಳನ್ನೆಲ್ಲ ಈಚೆಗೆಳೆದು ಬರೀ ಕೆಂಡ ಉಳಿಸಿದರು. ನಿನ್ನೆಯ ಬ್ರೆಡ್ಡಿನ ಎರಡು ಹೋಳನ್ನು, ತುಪ್ಪವಿಲ್ಲದೆ ಒಣದಾಗೇ, ಕಾವಲಿಗೆ ಹಾಕಿದರು. ಲೋಟದ ತಳದಿಂದ ಅಂಚುಗಳನ್ನು ಮೆಲ್ಲಗೆ ಒತ್ತಿದರು. “ನಡುವೆ ಕಾವು ಜಾಸ್ತಿ, ಅಂಚಿಗೆ ಕಮ್ಮಿ” ಎನ್ನುತ್ತಾ ಹೋಳನ್ನು ಕಾಲು ಕಾಲು ಸುತ್ತು ತಿರುಗಿಸಿದರು. ಅದು ಮಾವನದೇ ಮಾತು, ಮಾವನದೇ ರಾಗ. ಎರಡೂ ಮಗ್ಗುಲು ಒಂದೇ ಬಣ್ಣ ಬಂದ ಮೇಲೆ ಒಂದೊಂದು ಹನಿ ತುಪ್ಪ ಸವರಿ ಮತ್ತೊಂದು ನಿಮಿಷ ಬಿಟ್ಟರು. ಇಳಿಸಿದವರು ಎಲೆಯ ಮೇಲೆ ಮಲಗಿಸಲಿಲ್ಲ. ಅಡಿಯಲ್ಲಿ ಹಬೆ ನಿಲ್ಲಬಾರದೆಂದು ಒಂದಕ್ಕೊಂದು ಒರಗಿಸಿ ನಿಲ್ಲಿಸಿದರು.

ಅದೇ ಕಾಗೆ ಇಳಿಯಿತು. ಒತ್ತಿ ನೋಡಿತು. ಟಕ್ ಎಂದು ಸದ್ದಾಯಿತು. ತಿನ್ನಲಿಲ್ಲ. ಒಂದು ಹೋಳನ್ನು ಕಚ್ಚಿ, ಮರಳಿನ ಮೇಲೆ ಹಿಂದೆ ಹಿಂದೆ ಎಳೆದುಕೊಂಡು ಬಂದು ಅತ್ತೆಯ ಪಾದದ ಬಳಿ ಬಿಟ್ಟಿತು. ಆಮೇಲೆ ತನ್ನ ಹೋಳಿನ ಪಕ್ಕಕ್ಕೆ ಹೋಗಿ ನಿಂತು ಅವರನ್ನೇ ನೋಡಿತು.

ಪುರೋಹಿತರ ಮಂತ್ರ ನಿಂತುಹೋಯಿತು. ಸಮರ್ಥ ನನ್ನ ಕೈ ಹಿಡಿದುಕೊಂಡರು. ಅತ್ತೆ ಬಗ್ಗಿ ಹೋಳನ್ನು ಎತ್ತಿಕೊಂಡು ಮರಳು ಕೊಡವಿದರು. ಮಡಿಯ ಗೋದಮ್ಮ, ಕಾಗೆ ಮುಟ್ಟಿದ ಬೇಕರಿ ಬ್ರೆಡ್ಡನ್ನು ಬಾಯಿಗಿಟ್ಟು ಕಚ್ಚಿದರು. ಆ ಮೌನದಲ್ಲಿ ಕರುಂ ಎಂದದ್ದು ಆಚೆ ದಡಕ್ಕೂ ಕೇಳಿರಬೇಕು.

“ಗರಿಗರಿಯಾಗಿದೆ ಕಣ್ರೀ” ಅಂದರು. ಅಳುತ್ತಿದ್ದರು.

ಕಾಗೆ ತನ್ನ ಹೋಳು ಕಚ್ಚಿಕೊಂಡು ಹೊಳೆಯಾಚೆಗೆ ಹಾರಿಹೋಯಿತು. ಉಳಿದವೆಲ್ಲ ಒಮ್ಮೆಲೇ ಕೂಗುತ್ತಾ ಪಿಂಡಕ್ಕೆ ಮುತ್ತಿದವು.

ಮಾರನೆಯ ಬೆಳಿಗ್ಗೆ ಏಳೂವರೆಗೆ ಅತ್ತೆ ಹಿತ್ತಲಲ್ಲಿ ಎರಡು ಹೋಳು ಸುಟ್ಟು, ಕಿಟಕಿಯಲ್ಲಿ ಒರಗಿಸಿಟ್ಟು, “ರೀ, ಬಿಸಿಯಾಗಿದೆ” ಅಂದರು. ಯಾವ ಕಾಗೆಯೂ ಬರಲಿಲ್ಲ. ಮಧ್ಯಾಹ್ನ ನಾನು ಮುಟ್ಟಿ ನೋಡಿದೆ. ಎರಡೂ ಹಾಗೇ ನಿಂತಿದ್ದವು, ಇನ್ನೂ ಗರಿಗರಿಯಾಗಿ.