ಕಾರಣವಲ್ಲದ್ದು

ರಕ್ತನಿಧಿಯ ಫ್ರಿಜ್ ಒಂಬತ್ತು ದಿನ ಹೊತ್ತುಗೊತ್ತಿಲ್ಲದೆ ಅಲಾರಂ ಕೂಗಿ, ಈಗ ಸರಿಹೋಗಿತ್ತು. ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಬಿದ್ದಿದ್ದ ಮುನ್ನೂರು ಮೆಸೇಜುಗಳನ್ನು ಒಂದು ಪುಟಕ್ಕೆ ಇಳಿಸುವ ಕೆಲಸ ಮೆಕ್ಯಾನಿಕ್‌ನ ಪಾಲಿಗೆ ಬಂತು.

‘ಪರಿಹಾರ: ಕಂಪ್ರೆಸರಿಗೆ ಉಜ್ಜಿ ಸವೆದು ತಪ್ಪು ತಾಪಮಾನ ತೋರಿಸುತ್ತಿದ್ದ ಸೆನ್ಸರ್ ತಂತಿ ಬದಲಿಸಿ, ದೂರಕ್ಕೆ ಕಟ್ಟಿದೆ. ಬೇರೆ ಥರ್ಮಾಮೀಟರಿನೊಡನೆ ಮೂರು ದಿನ ತಾಳೆ ನೋಡಿದೆ. ಕಾರಣವಲ್ಲದ್ದು: ವೋಲ್ಟೇಜ್, ಗ್ಯಾಸ್, ಬಾಗಿಲಿನ ರಬ್ಬರು.’

ನಲವತ್ತನೆಯ ಮೆಸೇಜು ಅವನದೇ: ‘ಆಯಾ ಬಾಗಿಲು ತೆಗೆದಿಟ್ಟು ಹರಟೆ ಹೊಡೀತಾಳೆ, ಅಷ್ಟೇ.’ ಎಲ್ಲರೂ ನಕ್ಕಿದ್ದರು. ಅದರ ಕೆಳಗೆ ಆಯಾ ಕಳಿಸಿದ್ದ ಫೋಟೋ: ಬೀಗ ಹಾಕಿದ ಬಾಗಿಲು, ಮೇಲೆ ಕೆಂಪು ದೀಪ. ‘ಅಣ್ಣಾ, ಬೆಳಗಿಂದ ಬೀಗ ತೆಗೆದೇ ಇಲ್ಲ, ಆದ್ರೂ ಕೂಗ್ತಿದೆ.’ ಯಾರೂ ಉತ್ತರ ಕೊಟ್ಟಿರಲಿಲ್ಲ. ಅಂದೇ ಸಂಜೆ ಅವಳನ್ನು ಕೆಲಸದಿಂದ ತೆಗೆದಿದ್ದರು.

ರಕ್ತನಿಧಿಯ ಮೇಲ್ವಿಚಾರಕಿ ಅವನ ಫೋನಿನೊಳಗೆ ಇಣುಕಿ ನೋಡಿದಳು. “ರಿಪೇರಿ ಬರೆದ್ರೆ ಸಾಕಪ್ಪಾ. ಮುಗಿದದ್ದನ್ನ ಯಾಕೆ ಕೆದಕ್ತೀಯ?”

“ಬರೀದಿದ್ರೆ ಮುಂದಿನ ಸಲ ಇನ್ನೊಬ್ಬಳ ತಲೆಗೆ ಕಟ್ತೀವಿ, ಮೇಡಂ.”

ಅವನು ಸೇರಿಸಿದ: ‘ಬಾಗಿಲು ತೆರೆದಿಟ್ಟದ್ದೂ ಕಾರಣವಲ್ಲ, ಆಯಾ ಆಗಲೇ ತೋರಿಸಿದ್ದರು. ಸುಳ್ಳು ಹೊರಿಸಿದವನು ನಾನು.’

ಪುಟವನ್ನು ಗುಂಪಿಗೆ ಹಾಕಿದ, ಎಲ್ಲರೂ ಓದಿದರು. ಆಯಾಗೂ ಕಳಿಸಿದ. ಉತ್ತರ ಬಂತು: ‘ನೋಡಿದೆ ಅಣ್ಣಾ. ನನ್ನ ಜಾಗಕ್ಕೆ ಆಗ್ಲೇ ಬೇರೆಯವರು ಬಂದ್ರಂತಲ್ಲ.’