ನೀಲಿ ಕೋಣೆಯಲ್ಲಿ ಅರ್ಧ ಗಂಟೆ

ಬಣ್ಣದ ವಿಷಯದಲ್ಲಿ ಇಸಾಕ್ ಸಾಬರಿಗೆ ಯಾರೂ ಎದುರು ಮಾತಾಡುವ ಹಾಗಿರಲಿಲ್ಲ. ತುಮಕೂರಿನ ಶಿರಾ ಗೇಟಿನಲ್ಲಿ ಮೂವತ್ತು ವರ್ಷದಿಂದ ಪೇಂಟಿಂಗ್ ಕೆಲಸ. ಶೇಡ್ ಕಾರ್ಡ್ ತೋರಿಸಿದರೆ ಮುಖ ಸಿಂಡರಿಸಿ, ಕಣ್ಣಳತೆಯಲ್ಲೇ ಬಣ್ಣ ಬೆರೆಸುವ ಆಸಾಮಿ. ಅಂಥವರಿಗೂ ಆ ಕಣ್ಣಳತೆ ಒಂದು ಸಲ ಕೈಕೊಟ್ಟಿತು ನೋಡಿ, ಅದೂ ಹನ್ನೆರಡು ವರ್ಷದ ಹುಡುಗಿಯ ಓದಿನ ಕೋಣೆಯಲ್ಲಿ.

ಗುಬ್ಬಿಯ ಬಟ್ಟೆ ವ್ಯಾಪಾರಿ ಚನ್ನವೀರಯ್ಯನವರ ಮಗಳು ಕಾವ್ಯ. ತೊಂಬತ್ತೊಂಬತ್ತನೇ ಇಸವಿ, ಏಳನೇ ಕ್ಲಾಸು, ಮಾರ್ಚಿಗೆ ಪಬ್ಲಿಕ್ ಪರೀಕ್ಷೆ. ನೀಲಿ ಬಣ್ಣ ಇದ್ದರೆ ಮನಸ್ಸು ನಿಲ್ಲುತ್ತದೆ ಎಂದು ಯಾರೋ ನೆಂಟರು ಹೇಳಿದ್ದೇ ತಡ, ಚನ್ನವೀರಯ್ಯ ನಾಲ್ಕು ಗೋಡೆಗೂ ಗಾಢ ನೀಲಿ ಡಿಸ್ಟೆಂಪರ್ ಹೊಡೆಸಿದರು. ಸಾಬರು ಅದನ್ನು ಶಿರಾ ಗೇಟಿನ ಫುಟ್‌ಪಾತಿನಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬೆರೆಸಿ, ರಟ್ಟಿಗೆ ಬಳಿದು ನೋಡಿ, ಫಸ್ಟ್ ಕ್ಲಾಸ್ ಎಂದು ಗುಬ್ಬಿಗೆ ತಂದಿದ್ದರು. ಆ ಕೋಣೆಗೆ ಉತ್ತರಕ್ಕೆ ಒಂದೇ ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಬಿಸಿಲು ಒಳಗೆ ಬರುವುದೇ ಇಲ್ಲ.

ಹುಡುಗಿ ಪುಸ್ತಕ ಎತ್ತಿಕೊಂಡು ಅಡುಗೆಮನೆ ಸೇರಿದಳು. ಅಲ್ಲಿ ಅಮ್ಮ ಉಮಾಮಹೇಶ್ವರಿಯ ಜೊತೆ ಹರಟೆ, ಮಿಕ್ಸಿ ಸದ್ದು. ತಿಂಗಳ ಟೆಸ್ಟಿನಲ್ಲಿ ಅಂಕ ಜರ್‍ರನೆ ಇಳಿಯಿತು. ಅಪ್ಪನ ಸಿಟ್ಟು ಏರಿತು.

"ರೂಮ್ ಮಾಡಿಸ್ಕೊಟ್ರೂ ಕೂರಲ್ಲ ಅಂತಾಳಲ್ಲ! ದಸರಾ ರಜ ಮುಗೀತಿದ್ದಂಗೆ ತುಮಕೂರು ಹಾಸ್ಟೆಲ್ಲಿಗೆ ಬಿಡ್ತೀನಿ, ಅಷ್ಟೇಯ."

ಉಮಾಮಹೇಶ್ವರಿ ಅಳುವುದೊಂದು ಬಾಕಿ. ಬಣ್ಣ ಹೊಡೆದಾಗಿನಿಂದಲೇ ಮಗಳು ಅಲ್ಲಿ ಕೂರುತ್ತಿಲ್ಲವೆಂದು ಸಾಬರಿಗೇ ಫೋನ್ ಮಾಡಿಸಿ ಕರೆಸಿದಳು.

ಸಾಬರು ಬಂದು ಬಾಗಿಲಲ್ಲೇ ನಿಂತರು. ಬೆಳಿಗ್ಗೆ ಹತ್ತು ಗಂಟೆಗೇ ಮೋಡ ಕವಿದ ಸಂಜೆಯಂತಿತ್ತು ಒಳಗೆ. ಅಯ್ಯೋ ಅಲ್ಲಾ, ಇದು ನನ್ನ ಕೈಯೇ ಮಾಡಿದ್ದಾ! ನಾಚಿಕೆಯಾಯಿತು. ಆದರೆ ನಾಚಿಕೆಪಟ್ಟು ಕೂರುವ ಜಾಯಮಾನ ಅವರದ್ದಲ್ಲ.

"ತಪ್ಪು ಮಗೀದಲ್ಲ ಸ್ವಾಮಿ, ನಂದು. ಬಿಸ್ಲಲ್ಲಿ ನೋಡಿದ ಬಣ್ಣಾನ ತಂದು ಬಿಸ್ಲೇ ಇಲ್ದಿರೋ ರೂಮಿಗೆ ಹೊಡ್ದೆ."

"ಬಣ್ಣಕ್ಕೂ ಓದಿಗೂ ಏನ್ ಸಾಬ್ರೆ? ಸೋಮಾರಿತನಕ್ಕೆ ನೆಪ ಬೇಕು, ಅಷ್ಟೆ."

"ಹಂಗಾದ್ರೆ ನೀವೇ ಅರ್ಧ ಗಂಟೆ ಕೂತು ಪೇಪರ್ ಓದಿ. ಆಮೇಲೆ ಹಾಸ್ಟೆಲ್ಲಿಗೆ ಕಳ್ಸಿ, ನಾನೇ ಟ್ರಂಕ್ ಹೊರ್ತೀನಿ."

ಚನ್ನವೀರಯ್ಯ ಸವಾಲಿಗೆ ಹಿಂದೆಗೆಯುವವರಲ್ಲ. ಪೇಪರ್ ಹಿಡಿದು ಕೂತರು. ಹತ್ತು ನಿಮಿಷಕ್ಕೆ ಟ್ಯೂಬ್‌ಲೈಟ್ ಹಾಕಿದರು. ಹದಿನೈದಕ್ಕೆ ಕಣ್ಣುಜ್ಜಿ ಆಕಳಿಸಿದರು. ಇಪ್ಪತ್ತಕ್ಕೆ, ಯಾರೂ ನೋಡಲಿಲ್ಲ ಅಂದುಕೊಂಡು, ಪೇಪರ್ ಸಮೇತ ಜಗಲಿಗೆ ಬಂದು ಕೂತರು. ಜಗಲಿಯಲ್ಲಿ ಕಾವ್ಯ ಇದ್ದಳು.

"ಅಪ್ಪಾಜಿ, ನಿಮ್ಗೂ ಸೋಮಾರಿತನಾನಾ?"

ಚನ್ನವೀರಯ್ಯನವರ ಮುಖ ಕೆಂಪಾಯಿತು. ಆದರೂ ನಗು ತಡೆಯಲಾಗಲಿಲ್ಲ. "ಸರಿ ಸಾಬ್ರೆ, ಹಂಗಾದ್ರೆ ಹಳದೀನೋ ಕೆಂಪೋ ಜೋರಾಗಿ ಹೊಡೀರಿ, ಮಂಕು ಹೋಗ್ಲಿ. ಎಣ್ಣೆ ಪೇಂಟೇ ಹೊಡೀರಿ, ತೊಳೆಯೋಕಾಗುತ್ತೆ."

"ಬ್ಯಾಡಿ. ಜೋರು ಬಣ್ಣ ಮಗೂನ ಸುಮ್ನೆ ಕೂರಕ್ಕೆ ಬಿಡಲ್ಲ. ಎಣ್ಣೆ ಪೇಂಟ್ ಹೊಳೀತದೆ, ಟ್ಯೂಬ್‌ಲೈಟ್ ಬಿದ್ರೆ ಕಣ್ಣಿಗೆ ಹೊಡೀತದೆ."

ಈ ಸಲ ಸಾಬರು ಬಕೆಟ್ಟು, ಬಣ್ಣ ಬೆರೆಸುವ ಸ್ಟೈನರ್ ಬಾಟಲಿ ಎಲ್ಲವನ್ನೂ ಕೋಣೆಗೇ ತಂದರು. ಜನ್ಮದಲ್ಲಿ ಮೊದಲ ಬಾರಿ ಗಿರಾಕಿಯ ಮಾತು ಕೇಳಿದರು, ಆ ಗಿರಾಕಿ ಜಡೆ ಹಾಕಿಕೊಂಡ ಹುಡುಗಿ. ದೊಡ್ಡ ರಟ್ಟುಗಳಿಗೆ ನಾಲ್ಕು ಬಣ್ಣ ಬಳಿದು, ಪೂರ್ತಿ ಒಣಗಲು ಬಿಟ್ಟರು; ಹಸಿ ಡಿಸ್ಟೆಂಪರಿನ ಬಣ್ಣ ಒಣಗಿದ ಮೇಲೆ ಬೇರೆಯೇ. ಕಾವ್ಯ ತನ್ನ ಕುರ್ಚಿಯಲ್ಲೇ ಕೂತು, ಬೆಳಿಗ್ಗೆ ಕಿಟಕಿ ಬೆಳಕಲ್ಲೊಮ್ಮೆ, ಸಂಜೆ ಟ್ಯೂಬ್‌ಲೈಟಲ್ಲೊಮ್ಮೆ ನೋಡಿದಳು.

"ಇದು ಸಾಕು ತಾತ. ನೋಡ್ತಾ ಇದ್ರೂ ಬೇಜಾರಾಗಲ್ಲ, ಮತ್ತೆ ಮತ್ತೆ ನೋಡ್ಬೇಕು ಅಂತಲೂ ಅನ್ಸಲ್ಲ."

"ಭಲೇ! ಅದೇ ಬೇಕಾಗಿದ್ದು ಕಣಮ್ಮ," ಎಂದರು ಸಾಬರು. ಅದು ಒಂದು ಚೂರು ಬೂದು ಬೆರೆಸಿದ ತಿಳಿ ಹಸಿರು.

ನೀಲಿಯನ್ನು ಕೆರೆದು, ಉಳಿದ ಕಲೆ ಮೇಲೆದ್ದು ಕಾಣದಂತೆ ಪ್ರೈಮರ್ ಹೊಡೆದರು. ಮೇಜಿನ ಎದುರಿನ ಗೋಡೆಗೆ ಮಾತ್ರ ಆ ಹಸಿರು. ಉಳಿದ ಮೂರಕ್ಕೆ, ಬಿಳಿಗೆ ಹಳದಿ ತೋರಿಯೂ ತೋರದಷ್ಟು ಹಾಕಿದ ಬೆಣ್ಣೆ ಬಣ್ಣ. ತಾರಸಿಯ ಒಳಮೈಗೆ ಅಚ್ಚ ಬಿಳಿ. ಬಂದ ಅಷ್ಟಿಷ್ಟು ಬೆಳಕನ್ನು ಅದು ವಾಪಸ್ ಕೊಡಬೇಕು. ಕಿಟಕಿ ಅದೇ, ಟ್ಯೂಬ್‌ಲೈಟ್ ಅದೇ, ಕೋಣೆ ಮಾತ್ರ ಒಂದು ಮೊಳ ಅಗಲವಾದಂತಿತ್ತು.

ರಜೆಯ ಕಡೇ ಸಂಜೆ ಕಾವ್ಯ ಒಳಗೆ ಲೆಕ್ಕ ಮಾಡುತ್ತಿದ್ದಳು. ಸಾಬರು, ಅಪ್ಪ, ಅಮ್ಮ ಬಾಗಿಲಲ್ಲಿ ಸಾಲಾಗಿ ನಿಂತು ಇಣುಕಿದರು. ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು, ಹುಡುಗಿ ಅಲುಗಲಿಲ್ಲ. ಚನ್ನವೀರಯ್ಯನವರಿಗೆ ತಡೆಯಲಾಗಲಿಲ್ಲ.

"ಹೆಂಗೈತೆ ಮಗಾ ರೂಮು?"

ಕಾವ್ಯ ತಲೆ ಎತ್ತದೆಯೇ, "ಅಪ್ಪಾಜಿ, ಬಾಗ್ಲು ಹಾಕ್ಕೊಂಡು ಹೋಗಿ, ಓದ್ತಾ ಇದೀನಿ," ಎಂದಳು.

ಚನ್ನವೀರಯ್ಯ ಕಳ್ಳನ ಹಾಗೆ ಸದ್ದಿಲ್ಲದೆ ಬಾಗಿಲೆಳೆದು, ಹೆಂಡತಿಯ ಕಡೆ ತಿರುಗಿದರು. "ಕಾವ್ಯ ಬರಲ್ಲ ಅಂತ ನಾಳೇನೇ ಹಾಸ್ಟೆಲ್ಲಿನವ್ರಿಗೆ ಹೇಳ್ಬಿಡ್ತೀನಿ. ನೀನು ಮೆತ್ತಗೆ ಮಾತಾಡೇ, ಮಗು ಓದ್ತಾ ಅದೆ."